ಹೋದ ಹಣ ಬಂತು, ಆರು ದಿನದ ಬಾಕಿ ಎಲ್ಲಿ?

ಕಳೆದ ವಾರ ನಮ್ಮ ಕಚೇರಿಗೆ ರೈತರೊಬ್ಬರು ಪಹಣಿಯ ಕೆಲಸಕ್ಕೆಂದು ಬಂದಿದ್ದರು. ಮಾತಿನ ನಡುವೆ ತಮಗಾದ ಪೇಚಾಟವನ್ನು ನಗುತ್ತಲೇ ಹೇಳಿದರು. ಕಳೆದ ತಿಂಗಳು 3ನೆಯ ತಾರೀಖು ಗೊಬ್ಬರದ ಅಂಗಡಿಯಲ್ಲಿ 2,700 ರೂಪಾಯಿಯ ಲೆಕ್ಕವಾಯಿತು. ಗೋಡೆಗೆ ಅಂಟಿಸಿದ ಚೌಕಕ್ಕೆ ಮೊಬೈಲು ಹಿಡಿದು, ಗುಪ್ತಸಂಖ್ಯೆ ಒತ್ತಿದರು. ಮೊಬೈಲಿನ ಪರದೆಯ ಮೇಲೆ Failed ಎಂದು ಬಂತು. ಅದರ ಹಿಂದೆಯೇ, ಖಾತೆಯಿಂದ 2,700 ರೂಪಾಯಿ ಕಡಿತವಾಗಿದೆ ಎಂಬ ಬ್ಯಾಂಕಿನ ಸಂದೇಶವೂ ಬಂತು! ಅಂಗಡಿಯ ಮಾತಾಡುವ ಪೆಟ್ಟಿಗೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. “ದುಡ್ಡು ಬಂದಿಲ್ಲ ಗೌಡ್ರೇ, ಚೀಲ ಹೆಂಗೆ ಎತ್ತಿಸ್ಲಿ?” ಎಂದರು ಅಂಗಡಿಯವರು. ಹದ ಕಾಯುವುದಿಲ್ಲವಲ್ಲ, ಪಕ್ಕದ ಊರಿನ ಭಾವಮೈದುನನ ಹತ್ತಿರ ಕೈಸಾಲ ಮಾಡಿ ಗೊಬ್ಬರ ಒಯ್ದರು.

ಮೂರು ದಿನ ಬಿಟ್ಟು ಬ್ಯಾಂಕಿಗೆ ಹೋದರೆ, ಅಲ್ಲಿ ಸಿಕ್ಕ ಉತ್ತರ ಒಂದೇ: “ತಾನಾಗಿ ಬರುತ್ತೆ, ಹೋಗಿ.” ಯಾವಾಗ ಎಂದು ಕೇಳಿದ್ದಕ್ಕೆ ಮತ್ತೆ ಅದೇ. ಕೊನೆಗೆ 14ನೆಯ ತಾರೀಖು ಹಣ ಬಂತು. “ಸದ್ಯ ಬಂತಲ್ಲ ಸ್ವಾಮಿ, ನನ್ನ ಪುಣ್ಯ” ಎಂದು ಅವರು ಕೈಮುಗಿದಾಗ ನಮಗೆ ನಗು ಬರಲಿಲ್ಲ. ಪುಣ್ಯದ ಮಾತು ಹಾಗಿರಲಿ, ಬ್ಯಾಂಕು ಅವರಿಗೆ ಇನ್ನೂ 600 ರೂಪಾಯಿ ಕೊಡಬೇಕಾಗಿದೆ. ಅದು ಅವರಿಗೆ ಗೊತ್ತಿಲ್ಲ. ಯಾರೂ ಹೇಳಲೂ ಇಲ್ಲ.

ಹಣ ಹೋಗಿಯೂ ಮುಟ್ಟದೆ ಉಳಿಯುವುದು ಹೇಗೆಂಬುದನ್ನು ಮೊದಲು ತಿಳಿಯೋಣ. ನಾವು ಗುಪ್ತಸಂಖ್ಯೆ ಒತ್ತಿದೊಡನೆ ನಮ್ಮ ಬ್ಯಾಂಕು ಮೊದಲು ನಮ್ಮ ಖಾತೆಯಿಂದ ಹಣವನ್ನು ಕಳೆಯುತ್ತದೆ. ಆಮೇಲೆ, ಎಲ್ಲ ಬ್ಯಾಂಕುಗಳ ನಡುವೆ ಅಂಚೆಯಾಳಿನಂತೆ ನಿಂತಿರುವ ರಾಷ್ಟ್ರೀಯ ಪಾವತಿ ನಿಗಮವು ಅಂಗಡಿಯವನ ಬ್ಯಾಂಕಿಗೆ “ಇಷ್ಟು ಜಮಾ ಮಾಡಿ” ಎಂದು ಸುದ್ದಿ ಒಯ್ಯುತ್ತದೆ. ಅಲ್ಲಿಂದ “ಆಯಿತು” ಅಥವಾ “ಆಗಲಿಲ್ಲ” ಎಂಬ ಉತ್ತರ ಕೆಲವು ಸೆಕೆಂಡುಗಳಲ್ಲಿ ಮರಳಬೇಕು. “ಆಗಲಿಲ್ಲ” ಎಂದು ಸ್ಪಷ್ಟವಾಗಿ ಬಂದರೆ ಸಾಮಾನ್ಯವಾಗಿ ಹಣ ಆಗಲೇ ಹಿಂದಿರುಗುತ್ತದೆ. ಉತ್ತರವೇ ಬಾರದಿದ್ದಾಗ ಗಂಟು ಬೀಳುತ್ತದೆ. ಅಂಗಡಿಯವನ ಖಾತೆಗೆ ಜಮಾ ಆಗಿ ಉತ್ತರ ಮಾತ್ರ ದಾರಿಯಲ್ಲಿ ಕಳೆಯಿತೋ, ಜಮಾ ಆಗಲೇ ಇಲ್ಲವೋ, ನಮ್ಮ ಬ್ಯಾಂಕಿಗೆ ತಿಳಿಯದು. ಎರಡೂ ಬ್ಯಾಂಕುಗಳ ಲೆಕ್ಕವನ್ನು ಎದುರುಬದುರು ಇಟ್ಟು ತಾಳೆ ನೋಡಿದ ಮೇಲೆಯೇ ನಿಜ ಹೊರಬೀಳುತ್ತದೆ. ಇದಕ್ಕೆ ಸ್ವಲ್ಪ ಕಾಲ ಬೇಕೆಂಬುದನ್ನು ನಾವು ಒಪ್ಪುತ್ತೇವೆ. ಎಷ್ಟು ಕಾಲ ಎಂಬುದೇ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರವಿದೆ. ರಿಜರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಸುತ್ತೋಲೆ ಹೊರಡಿಸಿ, ಅದೇ ವರ್ಷದ ಅಕ್ಟೋಬರ್ 15ರಿಂದ ಗಡುವು ವಿಧಿಸಿತು. ಯುಪಿಐ ಮೂಲಕ ಒಬ್ಬ ವ್ಯಕ್ತಿ ಇನ್ನೊಬ್ಬರ ಖಾತೆಗೆ ಕಳಿಸಿದ ಹಣ ಅಲ್ಲಿ ಜಮಾ ಆಗದಿದ್ದರೆ ಮಾರನೆಯ ದಿನದೊಳಗೆ ಹಿಂದಿರುಗಬೇಕು. ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ. ಎಟಿಎಂನಲ್ಲಿ ನೋಟು ಬಾರದೆ ಖಾತೆಯಲ್ಲಿ ಕಡಿತವಾದರೂ ಐದೇ ದಿನ. ವ್ಯವಹಾರ ನಡೆದ ತಾರೀಖನ್ನು ಬಿಟ್ಟು ಪಂಚಾಂಗದ ದಿನಗಳನ್ನೇ ಎಣಿಸಬೇಕು. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಗ್ರಾಹಕನಿಗೆ ಪರಿಹಾರ ಕೊಡಬೇಕು. ಸಿಕ್ಕಿಕೊಂಡ ಹಣ 50 ರೂಪಾಯಿಯಿರಲಿ, 50 ಸಾವಿರವಿರಲಿ, ದಿನಕ್ಕೆ ನೂರೇ. ಇನ್ನೂ ಮುಖ್ಯವಾದದ್ದೆಂದರೆ, ಗ್ರಾಹಕ ದೂರು ಕೊಡಲಿ, ಬಿಡಲಿ, ಬ್ಯಾಂಕು ತಾನಾಗಿಯೇ ಈ ಪರಿಹಾರವನ್ನು ಖಾತೆಗೆ ಹಾಕಬೇಕೆಂದು ಸುತ್ತೋಲೆಯಲ್ಲಿದೆ.

ನಮ್ಮ ರೈತರ ಲೆಕ್ಕ ನೋಡಿ. ಕೊಟ್ಟದ್ದು 3ರಂದು, ಅಂಗಡಿಗೆ. ಗಡುವು 8ಕ್ಕೆ ಮುಗಿಯಿತು. ಹಣ ಬಂದದ್ದು 14ಕ್ಕೆ. ತಡವಾದದ್ದು ಆರು ದಿನ, ಬಾಕಿ 600 ರೂಪಾಯಿ. ಅಂಗಡಿಯವರು ವ್ಯಾಪಾರದ ಖಾತೆಯ ಚೌಕವನ್ನಲ್ಲದೆ ತಮ್ಮ ಸ್ವಂತ ಖಾತೆಯದನ್ನು ಗೋಡೆಗೆ ಅಂಟಿಸಿದ್ದರೆ (ಹಳ್ಳಿಯ ಅಂಗಡಿಗಳಲ್ಲಿ ಇದುಂಟು), ಆಗ ಅದು ವ್ಯಕ್ತಿಯಿಂದ ವ್ಯಕ್ತಿಗೆ ಹೋದ ಹಣ; ಗಡುವು 4ನೆಯ ತಾರೀಖಿಗೇ ಮುಗಿದು ಬಾಕಿ 1,000 ರೂಪಾಯಿ ಆಗುತ್ತಿತ್ತು. ಈ ಬಾಕಿಯ ಮಾತನ್ನು ಎತ್ತಿದಾಗ ಅವರು ಮೊದಲು ನಂಬಲೇ ಇಲ್ಲ. ಬ್ಯಾಂಕಿನವರು ನಮಗೆ ಕೊಡುವುದುಂಟೆ ಎಂದರು!

ಇಲ್ಲೊಂದು ಎಚ್ಚರದ ಮಾತು ಹೇಳದಿದ್ದರೆ ತಪ್ಪಾದೀತು. ಪರದೆಯ ಮೇಲೆ Pending ಎಂದಿರುವಾಗ ಅವಸರದಿಂದ ಎರಡನೆಯ ಸಲ ಕೊಟ್ಟುಬಿಟ್ಟರೆ, ಮೊದಲಿನ ಹಣವೂ ತಡವಾಗಿ ಅಂಗಡಿಯವನಿಗೆ ಸೇರಬಹುದು. ಆಗ ಬ್ಯಾಂಕಿನ ಲೆಕ್ಕದಲ್ಲಿ ಎರಡೂ ಸರಿಯಾದ ವ್ಯವಹಾರಗಳೇ. ಪರಿಹಾರದ ಮಾತಿಲ್ಲ, ಹೆಚ್ಚಿನ ಹಣವನ್ನು ಅಂಗಡಿಯವನಿಂದಲೇ ಕೇಳಿ ಪಡೆಯಬೇಕು. ಆದ್ದರಿಂದ ವ್ಯವಹಾರದ ವಿವರದಲ್ಲಿರುವ 12 ಅಂಕಿಯ ಸಂಖ್ಯೆಯನ್ನು ಅಂಗಡಿಯವನಿಗೆ ತೋರಿಸಿ, ಅವನ ಖಾತೆಯಲ್ಲಿ ಅದು ಕಾಣುತ್ತದೆಯೋ ಎಂದು ನೋಡಿಸುವುದು ಲೇಸು. ನಮ್ಮ ಹಣ ಹಿಂದಕ್ಕೆ ಬಂತೋ ಎಂಬುದನ್ನೂ ಪಾಸ್‌ಪುಸ್ತಕ ಬರೆಸಿಯೇ ನೋಡಬೇಕು, ಮೊಬೈಲಿನ ಪರದೆಯನ್ನು ನಂಬಿ ಕೂಡಬಾರದು. ಇನ್ನು “ಹಣ ಹಿಂದಿರುಗಿಸುತ್ತೇವೆ, ಗುಪ್ತಸಂಖ್ಯೆ ಒತ್ತಿ” ಎಂದು ಯಾರಾದರೂ ಫೋನು ಮಾಡಿದರೆ ಅವನು ಕಳ್ಳನೆಂದೇ ತಿಳಿಯಿರಿ. ಗುಪ್ತಸಂಖ್ಯೆ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ.

ಗಡುವು ಮೀರಿದ ಮೇಲೆ ಬಾಯಿಮಾತಿನಿಂದ ಪ್ರಯೋಜನವಿಲ್ಲ. ಮೊಬೈಲಿನಲ್ಲಿ ಆ ವ್ಯವಹಾರವನ್ನು ತೆರೆದು ಅಲ್ಲಿಯೇ ದೂರು ದಾಖಲಿಸಬಹುದು. ಜೊತೆಗೆ ಖಾತೆಯಿರುವ ಬ್ಯಾಂಕಿಗೆ ತಾರೀಖು, ಮೊಬಲಗು, ಆ 12 ಅಂಕಿಯ ಸಂಖ್ಯೆ ಬರೆದು ಅರ್ಜಿ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಬೇಕು. ಮೊಹರಿಲ್ಲದ ಅರ್ಜಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ cms.rbi.org.in ಎಂಬಲ್ಲಿ ದೂರು ಕೊಡಬಹುದು. ಅದಕ್ಕೆ ಕಾಸು ಖರ್ಚಿಲ್ಲ, ವಕೀಲರೂ ಬೇಕಿಲ್ಲ.

ನಾವು ಬ್ಯಾಂಕಿನ ಯಜಮಾನರನ್ನು ಕೇಳುವುದಿಷ್ಟೆ. ಸಾಲದ ಕಂತು ಒಂದು ದಿನ ತಪ್ಪಿದರೆ ದಂಡ ಕಡಿಯಲು ನಿಮ್ಮ ಯಂತ್ರಕ್ಕೆ ಯಾರ ಅರ್ಜಿಯೂ ಬೇಕಾಗುವುದಿಲ್ಲ. ದಿನದ ಲೆಕ್ಕ ಹಾಕಲು ಅದಕ್ಕೆ ಚೆನ್ನಾಗಿ ಬರುತ್ತದೆ. ಅದೇ ಯಂತ್ರವು ಗ್ರಾಹಕನಿಗೆ ಕೊಡಬೇಕಾದ ದಿನಕ್ಕೆ ನೂರು ರೂಪಾಯಿಯ ಲೆಕ್ಕವನ್ನು ಮರೆಯುವುದೇಕೆ? ಕೌಂಟರಿನಲ್ಲಿ ಕೂತ ನೌಕರರನ್ನು ನಾವು ದೂರುವುದಿಲ್ಲ. ಎದುರಿಗೆ ಉದ್ದ ಸಾಲು ನಿಂತಿರುವಾಗ ಅವರಾದರೂ ಏನು ಮಾಡಿಯಾರು! ಸಾಲದ ಬಡ್ಡಿ, ಠೇವಣಿಯ ಬಡ್ಡಿಯನ್ನು ಬರೆದು ತೂಗುಹಾಕಿದ ಹಲಗೆಯಲ್ಲೇ, ಹಣ ಸಿಕ್ಕಿಕೊಂಡರೆ ಎಷ್ಟು ದಿನ, ತಡವಾದರೆ ಎಷ್ಟು ಪರಿಹಾರ ಎಂಬ ಎರಡು ಸಾಲನ್ನು ಕನ್ನಡದಲ್ಲಿ ಬರೆಸಿರಿ. ಜಿಲ್ಲೆಯ ಪ್ರತಿಯೊಂದು ಶಾಖೆಯಲ್ಲೂ ಇದಾಗಬೇಕೆಂದು ಲೀಡ್ ಬ್ಯಾಂಕಿನ ಮ್ಯಾನೇಜರರಿಗೆ ನಾವು ಮನವಿ ಬರೆದಿದ್ದೇವೆ.

ರೈತರು ಮೊನ್ನೆ ಸೋಮವಾರ 600 ರೂಪಾಯಿಗಾಗಿ ಅರ್ಜಿ ಕೊಟ್ಟಿದ್ದಾರೆ. ನಕಲಿನ ಮೇಲೆ ಮೊಹರು ಬಿದ್ದಿದೆ. ಭಾವಮೈದುನನ ಕೈಸಾಲ ತೀರಿದೆಯಂತೆ.