ಸರಾಸರಿ ಶೇ 14, ಕೈಗೆ ಸೊನ್ನೆ: ಸೆಬಿ ಅಧ್ಯಕ್ಷರಿಗೆ ಮಾಸೂರಿನಿಂದ ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು,
ಭಾರತೀಯ ಷೇರು ನಿಯಂತ್ರಣ ಮಂಡಳಿ (ಸೆಬಿ), ಮುಂಬೈ

ಮಾನ್ಯರೇ,

ಹಾವೇರಿ ಜಿಲ್ಲೆಯ ಮಾಸೂರಿನಲ್ಲಿ ಅಂಗಡಿಕಾರರ, ಸ್ವಸಹಾಯ ಸಂಘಗಳ ಲೆಕ್ಕ ಬರೆದುಕೊಡುವುದು ನನ್ನ ಕಸುಬು. ಮ್ಯೂಚುವಲ್ ಫಂಡಿಗೆ ದುಡ್ಡು ಹಾಕುವ ಮುಂಚೆ ಕೆಲವರು ಏಜೆಂಟರು ಕೊಟ್ಟ ಹಾಳೆ ಹಿಡಿದುಕೊಂಡು ನನ್ನಲ್ಲಿಗೆ ಬರುತ್ತಾರೆ. ಅವು ಹೆಚ್ಚಾಗಿ ಜೆರಾಕ್ಸ್ ಪ್ರತಿಗಳು. ಒಂದು ಸಾಲಿನಲ್ಲಿ ವರ್ಷ, ಅದರೆದುರು ಆ ವರ್ಷದ ಲಾಭ ಅಥವಾ ನಷ್ಟ ಶೇಕಡಾ ಇಷ್ಟು ಎಂದು, ಎಲ್ಲಕ್ಕಿಂತ ಕೆಳಗೆ ದಪ್ಪ ಅಕ್ಷರದಲ್ಲಿ ‘ಸರಾಸರಿ ವಾರ್ಷಿಕ ಗಳಿಕೆ’. ಈ ಪತ್ರ ಆ ಕೊನೆಯ ಸಾಲಿನ ಬಗ್ಗೆ.

ಆ ಸಾಲು ಸುಳ್ಳಲ್ಲ, ತೊಡಕು ಇರುವುದೇ ಅಲ್ಲಿ. ಎಲ್ಲ ವರ್ಷಗಳ ಅಂಕಿ ಕೂಡಿಸಿ, ಎಷ್ಟು ವರ್ಷವೋ ಅಷ್ಟರಿಂದ ಭಾಗಿಸಿದ್ದಾರೆ. ಭಾಗಾಕಾರ ತಪ್ಪಿಲ್ಲ. ಹಣ ಮಾತ್ರ ಹಾಗೆ ಬೆಳೆಯುವುದಿಲ್ಲ.

ಯಾವುದೋ ಊಹೆಯ ಲೆಕ್ಕ ಬೇಡ, ನಿಫ್ಟಿ 50 ಸೂಚ್ಯಂಕವನ್ನೇ ತೆಗೆದುಕೊಳ್ಳೋಣ. 2007ರ ಡಿಸೆಂಬರ್ 31ರಂದು ಅದು 6138.60ಕ್ಕೆ ನಿಂತಿತ್ತು. 2008ರ ಕೊನೆಗೆ 2959.15, ಅಂದರೆ ಶೇ 51.8 ನಷ್ಟ. 2009ರ ಕೊನೆಗೆ 5201.05, ಶೇ 75.8 ಲಾಭ. 2010ರ ಕೊನೆಗೆ 6134.50, ಮತ್ತೆ ಶೇ 17.9 ಲಾಭ. ಈ ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ವರ್ಷಕ್ಕೆ ಸರಾಸರಿ ಶೇ 14 ಸಿಗುತ್ತದೆ. ಬ್ಯಾಂಕಿನ ಠೇವಣಿ ಯಾಕೆ ಬೇಕು ಅನ್ನಿಸುವ ಅಂಕಿ. ಈಗ ಮೊದಲಿನ 6138.60 ಮತ್ತು ಕೊನೆಯ 6134.50 ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೂರು ವರ್ಷ ಕಳೆದ ಮೇಲೂ ಸೂಚ್ಯಂಕ ಹೊರಟ ಜಾಗದಿಂದ ನಾಲ್ಕು ಅಂಶ ಕೆಳಗೇ ಇದೆ.

ರೂಪಾಯಿಯಲ್ಲಿ ಹೇಳಿದರೆ ಇನ್ನೂ ಸ್ಪಷ್ಟವಾಗುತ್ತದೆ. ಒಂದು ಲಕ್ಷ ಹಾಕಿದವನ ಹಣ ಮೊದಲ ವರ್ಷದ ಕೊನೆಗೆ 48,206 ಆಯಿತು. ಎರಡನೇ ವರ್ಷದ ಶೇ 75.8 ಬಂದದ್ದು ಆ ಒಂದು ಲಕ್ಷದ ಮೇಲಲ್ಲ, ಉಳಿದಿದ್ದ 48,206ರ ಮೇಲೆ. ಹಾಗಾಗಿ ಅದು 84,727ಕ್ಕೆ ಏರಿ ನಿಂತಿತು. ಮೂರನೇ ವರ್ಷ ಮುಗಿದಾಗ ಕೈಯಲ್ಲಿ 99,933. ಏಜೆಂಟರ ಶೇ 14ನ್ನು ನಂಬಿ ಚಕ್ರಬಡ್ಡಿ ಲೆಕ್ಕ ಹಾಕಿದವನು ಅದೇ ದಿನ ಸುಮಾರು 1,48,000 ಎದುರು ನೋಡುತ್ತಿರುತ್ತಾನೆ. ಮಧ್ಯದ 48 ಸಾವಿರವನ್ನು ಯಾರೂ ಕದ್ದಿಲ್ಲ. ಯಾರ ಕಮಿಷನ್ನಿಗೂ ಅದು ಹೋಗಿಲ್ಲ. ಆ ಹಣ ಹುಟ್ಟಿಯೇ ಇರಲಿಲ್ಲ.

ಶೇ 51.8 ಕಳೆದುಕೊಂಡವನು ಮೊದಲಿನ ಮಟ್ಟಕ್ಕೆ ಬರಬೇಕಾದರೆ ಶೇ 107 ಗಳಿಸಬೇಕು. ಕೂಡಿಸಿ ಭಾಗಿಸುವ ಸರಾಸರಿಗೆ ಇದು ಗೊತ್ತಾಗುವುದಿಲ್ಲ, ಅದು ಇಳಿದ ಐವತ್ತನ್ನೂ ಏರಿದ ಐವತ್ತನ್ನೂ ಒಂದೇ ತೂಕಕ್ಕೆ ಹಾಕುತ್ತದೆ. ಗುಣಿಸಿ ಮೂಲ ತೆಗೆಯುವ ಸರಾಸರಿ, ಅಂದರೆ ಗುಣೋತ್ತರ ಸರಾಸರಿ, ಇದನ್ನು ಹಿಡಿಯುತ್ತದೆ. 0.482, 1.758, 1.179 ಈ ಮೂರನ್ನೂ ಗುಣಿಸಿ ಘನಮೂಲ ತೆಗೆದರೆ ಒಂದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ನಿಮ್ಮ ಕಚೇರಿಯವರು ಸಿಎಜಿಆರ್ ಎನ್ನುವುದು ಇದನ್ನೇ. ವರ್ಷಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೂ ಉತ್ತರ ಬದಲಾಗದು. ನಷ್ಟದ ವರ್ಷ ಮೊದಲು ಬಂದದ್ದಕ್ಕೇ ಹೀಗಾಯಿತು ಎಂದು ಏಜೆಂಟರು ಸಮಾಧಾನ ಹೇಳುವುದುಂಟು. ಹಾಕಿದ ಗಂಟಿಗೆ ನಡುವೆ ಏನನ್ನೂ ಸೇರಿಸದೆ, ತೆಗೆಯದೆ ಇದ್ದವನ ಮಟ್ಟಿಗೆ ಆ ಮಾತಿಗೆ ಅರ್ಥವಿಲ್ಲ.

ನಮ್ಮ ಜನ ಯಾಕೆ ಮೋಸಹೋಗುತ್ತಾರೆ ಎಂದರೆ ದಡ್ಡರೆಂದಲ್ಲ. ಅವರು ದಿನವೂ ಬಳಸುವ ಸರಾಸರಿ ಅವರ ಕೆಲಸಕ್ಕೆ ಸರಿಯಾದದ್ದೇ. ಗೋವಿನಜೋಳ ಬೆಳೆಯುವವನು ಪ್ರತಿ ವರ್ಷ ಅದೇ ಹೊಲ ಬಿತ್ತುತ್ತಾನೆ. ಹೋದ ವರ್ಷ ಬೆಳೆ ಅರ್ಧಕ್ಕೆ ಇಳಿಯಿತೆಂದು ಈ ವರ್ಷ ಹೊಲ ಅರ್ಧಕ್ಕೆ ಇಳಿಯುವುದಿಲ್ಲ. ಅಲ್ಲಿ ಕೂಡಿಸಿ ಭಾಗಿಸಿದರೆ ನಿಜ ಸಿಗುತ್ತದೆ. ಮದಗದ ಕೆರೆಗೆ ಬೀಳುವ ಮಳೆಯೂ ಅಷ್ಟೇ, ಈ ವರ್ಷದ ಮಳೆಯನ್ನು ಯಾರೂ ಹೋದ ವರ್ಷದ ಮಳೆಯಿಂದ ಗುಣಿಸುವುದಿಲ್ಲ. ಫಂಡಿನಲ್ಲಿ ಬಿಟ್ಟ ಹಣ ಹಾಗಲ್ಲ. ಅಲ್ಲಿ ಹೋದ ವರ್ಷ ಉಳಿದದ್ದೇ ಈ ವರ್ಷದ ಹೊಲ.

ಎರಡು ಸರಾಸರಿಗಳ ನಡುವಿನ ಅಂತರ ಎಷ್ಟಿರುತ್ತದೆ ಎಂಬುದಕ್ಕೂ ಸರಳವಾದ ಅಂದಾಜು ಇದೆ. ಶೇಕಡಾಗಳನ್ನು ದಶಮಾಂಶದಲ್ಲಿ ಬರೆದುಕೊಂಡು ಪ್ರತಿ ವರ್ಷದ ಅಂಕಿ ಸರಾಸರಿಯಿಂದ ಎಷ್ಟು ದೂರವಿದೆ ನೋಡಿ, ಆ ದೂರಗಳ ವರ್ಗ ಮಾಡಿ, ವರ್ಗಗಳ ಸರಾಸರಿ ತೆಗೆದು ಅರ್ಧ ಮಾಡಿ. ಮೇಲಿನ ಮೂರು ವರ್ಷಗಳಿಗೆ ಅದು ಸುಮಾರು ಶೇ 13.6. ಶೇ 14ರಲ್ಲಿ ಅಷ್ಟನ್ನು ಕಳೆದರೆ ಹೆಚ್ಚುಕಡಿಮೆ ಸೊನ್ನೆ. ಏರಿಳಿತ ಇಷ್ಟು ಜೋರಾಗಿದ್ದಾಗ ಈ ಅಂದಾಜು ದಾರಿ ತಪ್ಪಬಹುದು, ಇಲ್ಲಿ ಹತ್ತಿರ ಬಂದದ್ದು ಅದೃಷ್ಟ.

ಇದೇ ಸೂಚ್ಯಂಕ ತಣ್ಣಗಿದ್ದ ಕಾಲವೂ ಇದೆ. 2016ರಿಂದ 2019ರವರೆಗೆ ಕ್ರಮವಾಗಿ ಶೇ 3.0, 28.6, 3.2, 12.0 ಲಾಭ. ಕೂಡಿಸಿ ಭಾಗಿಸಿದರೆ ಶೇ 11.7, ನಿಜವಾಗಿ ಬೆಳೆದದ್ದು ಶೇ 11.2. ಅಂತರ ಅರ್ಧ ಶೇಕಡಾ. ಹಾಗಾಗಿ ‘ಸರಾಸರಿ ಶೇ 14’ ಕೊಟ್ಟದ್ದಕ್ಕಿಂತ ‘ಸರಾಸರಿ ಶೇ 11.7’ ಹೆಚ್ಚು ಹಣ ಕೊಟ್ಟಿತು. ಬರೀ ಸರಾಸರಿ ನೋಡಿ ಎರಡು ಫಂಡುಗಳಲ್ಲಿ ಒಂದನ್ನು ಆರಿಸುವವನು ಹೆಚ್ಚು ಕುಣಿಯುವುದನ್ನೇ ಆರಿಸುವ ಅಪಾಯ ಇಲ್ಲಿದೆ.

ನ್ಯಾಯವಾಗಿ ಎರಡು ಮಾತು ಹೇಳಬೇಕು. ಮೇಲಿನ ಅಂಕಿಗಳಲ್ಲಿ ಕಂಪನಿಗಳು ಹಂಚಿದ ಲಾಭಾಂಶ ಸೇರಿಲ್ಲ, ಸೇರಿಸಿದರೆ ಒಂದು ಲಕ್ಷದವನಿಗೆ ಒಂದಿಷ್ಟು ಸಿಕ್ಕಿರುತ್ತಿತ್ತು. ಇನ್ನು ತಿಂಗಳು ತಿಂಗಳು ಎಸ್‌ಐಪಿ ಕಟ್ಟಿದವನ ಲೆಕ್ಕವೇ ಬೇರೆ. ಅವನಿಗೆ ವರ್ಷಗಳ ಕ್ರಮವೂ ಮುಖ್ಯ, 2008ರ ಕೊನೆಯಲ್ಲಿ ಅಗ್ಗಕ್ಕೆ ಕೊಂಡ ಯೂನಿಟ್‌ಗಳು ಅವನನ್ನು ಕಾದವು.

ಫಂಡ್ ಕಂಪನಿಗಳ ಜಾಹೀರಾತಿಗೆ ನಿಮ್ಮ ಮಂಡಳಿ ಕಟ್ಟುನಿಟ್ಟಾಗಿಯೇ ಇದೆ. ಸಾಧನೆಯನ್ನು ಸಿಎಜಿಆರ್‌ನಲ್ಲಿ ತೋರಿಸಬೇಕು, ಜೊತೆಗೆ 10,000 ರೂಪಾಯಿ ಹಾಕಿದ್ದರೆ ಎಷ್ಟಾಗುತ್ತಿತ್ತು ಎಂದೂ ತೋರಿಸಬೇಕು ಎಂದು 2011ರ ಸುತ್ತೋಲೆಯಲ್ಲೇ ಹೇಳಿದ್ದೀರಿ. ಆ ಹತ್ತು ಸಾವಿರದ ಸಾಲು ನನಗೆ ಸಿಎಜಿಆರ್‌ಗಿಂತ ಹೆಚ್ಚು ಇಷ್ಟ. ಘನಮೂಲ ಬಾರದವನೂ ಅದನ್ನು ಓದುತ್ತಾನೆ. ಆದರೆ ಅದು ಕಂಪನಿಯ ಫ್ಯಾಕ್ಟ್‌ಶೀಟಿನ ಒಳಪುಟದಲ್ಲೇ ಉಳಿದಿದೆ, ನಮ್ಮೂರಿಗೆ ಬರುವ ಜೆರಾಕ್ಸ್ ಹಾಳೆಗೆ ಇಳಿದಿಲ್ಲ. ಏಜೆಂಟರ ಮೊಬೈಲಿನ ಕ್ಯಾಲ್ಕುಲೇಟರ್ ಇಪ್ಪತ್ತು ವರ್ಷಕ್ಕೆ ಶೇ 14 ಹಾಕಿ ಒಂದು ಲಕ್ಷಕ್ಕೆ ಹದಿಮೂರೂ ಮುಕ್ಕಾಲು ಲಕ್ಷ ತೋರಿಸುವಾಗ, ಆ 14 ಯಾವ ಬಗೆಯ ಸರಾಸರಿ ಎಂದು ಎಲ್ಲೂ ಬರೆದಿರುವುದಿಲ್ಲ.

ನನ್ನ ಕೋರಿಕೆ ಇಷ್ಟು. ಒಂದಕ್ಕಿಂತ ಹೆಚ್ಚು ವರ್ಷಗಳ ಸರಾಸರಿಯನ್ನು ಗಿರಾಕಿಗೆ ತೋರಿಸುವ ಯಾವುದೇ ಹಾಳೆಯಲ್ಲಿ, ವಾಟ್ಸಾಪ್ ಚಿತ್ರದಲ್ಲಿ, ಆ್ಯಪ್‌ನಲ್ಲಿ, ಅದರ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ‘ಹಾಕಿದ್ದು 10,000, ಆದದ್ದು ಇಷ್ಟು’ ಎಂಬ ಸಾಲು ಇರಲೇಬೇಕೆಂದು ಮಾಡಿ. ಕನ್ನಡದ ಹಾಳೆಯಾದರೆ ಆ ಸಾಲು ಕನ್ನಡದಲ್ಲೇ ಇರಲಿ. 2008ರಿಂದ 2010ರ ಹಾಳೆಯಲ್ಲಿ ಅದು 9,993 ಎಂದಿರುತ್ತದೆ. ಶೇ 14ರ ಪಕ್ಕ ಅದನ್ನು ಓದಿದವನು ಏಜೆಂಟರಿಗೆ ಕೇಳಬೇಕಾದ ಪ್ರಶ್ನೆಯನ್ನು ತಾನೇ ಕೇಳುತ್ತಾನೆ.

ಇತಿ ತಮ್ಮ ವಿಶ್ವಾಸಿ,
ಮಾಸೂರಿನ ಒಬ್ಬ ಲೆಕ್ಕ ಬರೆಯುವವ