ಕಾರ್ಡ್ ಬದಲಾತು, ಕಂತಿನ ಗತಿ ಏನು?

ಹೊಸಾ ಕಾರ್ಡ್ ಬಂತು, ಪಿನ್ ಹಾಕಿದ್ವಿ, ಹಳೇದನ್ನ ಕತ್ತರಿಸಿ ಒಗದ್ವಿ ಅಂದ್ರ ಕೆಲಸ ಮುಗೀತು ಅಂತ ಭಾಳ ಮಂದಿ ತಿಳಕೊಂಡಾರ. ನಂಬರ್ ಬದಲಾಗಿದ್ರ ಮುಗಿದಿಲ್ಲರೀ. ಹಳೇ ಕಾರ್ಡಿನಿಂದ ತಿಂಗಳಾ ತಿಂಗಳಾ ತಾನಾಗೇ ಹೋಗತಿದ್ದ ರೊಕ್ಕ ಹೊಸಾ ಕಾರ್ಡಿಗೂ ತಾನಾಗೇ ಬರತದ ಅಂತ ನಂಬಿ ಕೂಡಬಾರದು. ನಾವು ಓಟಿಪಿ ಕೊಟ್ಟು ಒಪ್ಪಿಗಿ ಕೊಟ್ಟದ್ದು ಆ ಹಳೇ ಕಾರ್ಡಿಗೆ.

ಹಂಗಂತ ಎಲ್ಲಾ ನಿಂತು ಹೋಗೂದಿಲ್ಲ. ನಮ್ಮ ನೆಗೆಣ್ಣಿದು ಡೆಬಿಟ್ ಕಾರ್ಡ್ ಸಂತ್ಯಾಗ ಕಳೀತು, ಬ್ಯಾಂಕಿನವ್ರು ಹೊಸಾ ನಂಬರಿಂದು ಕೊಟ್ರು. ಆಕಿ ಸಾಲದ ಕಂತು ಎಂದಿನಂಗ ಹೋತು, ಯಾಕಂದ್ರ ಅದು ಕಾರ್ಡಿಗಲ್ಲ, ನೇರ ಬ್ಯಾಂಕ್ ಖಾತೇಕ್ಕ ಕಟ್ಟಿದ್ದು. ಫೋನ್ ರೀಚಾರ್ಜ್ ಯುಪಿಐ ಆಟೋಪೇದಾಗ ಖಾತೇದಿಂದ ಇತ್ತು, ಅದೂ ನಡೀತು. ನಿಂತದ್ದು ಕಾರ್ಡ್ ನಂಬರ್ ಕೊಟ್ಟಿದ್ದ ಎರಡು: ಒಂದು ಸಿನಿಮಾ ನೋಡೋ ಆ್ಯಪು, ಇನ್ನೊಂದು ಆರೋಗ್ಯ ವಿಮೆ.

ಸಿನಿಮಾ ನಿಂತದ್ದು ಅದೇ ದಿನ ಗೊತ್ತಾತು, ಮಕ್ಕಳು ಗದ್ದಲ ಹಾಕಿದ್ರು. ವಿಮೆ ಮಾತ್ರ ಸುಮ್ಮನ ನಿಂತಿತ್ತು. 5ನೇ ತಾರೀಕಿಗೆ ಹೋಗಬೇಕಾಗಿದ್ದ ಕಂತು ಹೋಗಿಲ್ಲ ಅಂತ ಆಕಿಗೆ ತಿಳದದ್ದು 12ಕ್ಕ. ತಿಂಗಳ ಕಂತಿನ ವಿಮೆಗೆ ಹೆಚ್ಚಿಗಿ ಸಿಗೋ ಗಡುವು 15 ದಿನ. ಅದರೊಳಗ ಕೈಯಿಂದ ಕಟ್ಟಿದ್ಲು, ಪಾಲಿಸಿ ಉಳೀತು. ಆಮ್ಯಾಲೆ ಹೊಸಾ ಕಾರ್ಡ್ ಹಾಕಿ, ಓಟಿಪಿ ಕೊಟ್ಟು, ಮತ್ತ ನೋಂದಣಿ ಮಾಡಿದ್ಲು.

ಇದನ್ನ ಮೊದಲೇ ಹಿಡಿಯೂ ದಾರಿ ಐತಿ. ಕಾರ್ಡಿನ ಆಟೋಪೇ ರೊಕ್ಕ ಕಡಿಯೂಕಿಂತ ಕನಿಷ್ಠ 24 ತಾಸು ಮೊದಲು ಬ್ಯಾಂಕು ಮೆಸೇಜ್ ಕಳಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಅದ. ಕಂತಿನ ಹಿಂದಿನ ದಿನ ಆ ಮೆಸೇಜ್ ಬರಲಿಲ್ಲ ಅಂದ್ರ ಏನೋ ನಿಂತದ ಅಂತ ತಿಳೀರಿ. ಇನ್ನ ವರ್ಷಕ್ಕೊಮ್ಮೆ ಹೋಗೋ ರೊಕ್ಕ ಮರ್ತೇ ಹೋಗಿರತದ. ಅದಕ್ಕ ಹೊಸಾ ಕಾರ್ಡ್ ಬಂದ ಕೂಡ್ಲೆ ಹಿಂದಿನ 12 ತಿಂಗಳ ಸ್ಟೇಟ್‌ಮೆಂಟ್ ತಗದು, ಕಾರ್ಡಿನಿಂದ ತಾನಾಗೇ ಹೋದದ್ದಕ್ಕೆಲ್ಲಾ ಗುರ್ತು ಹಾಕ್ರಿ. ವಿಮೆ ಮೊದಲು ಸರಿ ಮಾಡ್ರಿ, ಸಿನಿಮಾ ಆಮ್ಯಾಲೆ.

ಕೆಲವರು ಇದನ್ನ ಉಲ್ಟಾ ಬಳಸ್ತಾರ: "ಕಾರ್ಡೇ ಬದಲಾತಲ್ಲ, ಬ್ಯಾಡಾದ ಚಂದಾ ತಾನ ನಿಲ್ಲತದ" ಅಂತಾರ. ಇದು ನನಗ ಸರಿ ಅನ್ನಸೂದಿಲ್ಲ. ರೊಕ್ಕ ಹೋಗಲಿಲ್ಲ ಅಂದ್ರ ಚಂದಾ ರದ್ದಾತು ಅಂತ ಅರ್ಥ ಅಲ್ಲ. ಕರಾರಿನ್ಯಾಗ ವರ್ಷದ ಮಾತಿದ್ರ ಬಾಕಿ ಕೇಳಬಹುದು. ಬ್ಯಾಡಾದ್ರ ಆ ಆ್ಯಪಿನ್ಯಾಗೇ ಹೋಗಿ ರದ್ದು ಮಾಡ್ರಿ.

ನನ್ನ ಕೇಳಿದ್ರ, ಹೊಸಾ ಕಾರ್ಡಿನ ಲಕೋಟಿಯೊಳಗ "ನಿಮ್ಮ ಹಳೇ ಕಾರ್ಡಿಗೆ ಇಷ್ಟು ಆಟೋಪೇ ಇದ್ದವು" ಅಂತ ಒಂದು ಚೀಟಿ ಬ್ಯಾಂಕಿನವ್ರೇ ಇಡಬೇಕು. ಲೆಕ್ಕ ಅವರ ಹತ್ರ ಇರತದ. ಅಲ್ಲೀತನಾ ಆ ಚೀಟಿ ನಾವೇ ಬರದು ಪಾಸ್‌ಬುಕ್ಕಿನ್ಯಾಗ ಇಟ್ಟುಕೊಳ್ಳೂಣು.