ಎನ್‌ಜಿಒ ಕೆಲಸ: ಸಂಬಳ ಯಾವ ಖಾತೆಯಿಂದ ಬರುತ್ತದೆ?

ಗುರುಗ್ರಾಮದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಧಾರವಾಡದ ಗೆಳೆಯನಿಗೆ ಈಚೆಗೆ ದಕ್ಷಿಣ ದೆಹಲಿಯ ಎನ್‌ಜಿಒ ಒಂದರಿಂದ ಆಫರ್ ಬಂತು. ಹುದ್ದೆ ಟೆಕ್ನಾಲಜಿ ಮುಖ್ಯಸ್ಥ. ಸಂಬಳ ವರ್ಷಕ್ಕೆ 28 ಲಕ್ಷದಿಂದ 15 ಲಕ್ಷಕ್ಕೆ ಇಳಿಯುತ್ತಿತ್ತು. ಅದಕ್ಕೆ ಅವನು ಮಾನಸಿಕವಾಗಿ ಸಿದ್ಧನಾಗಿದ್ದ. ಆದರೆ ಆ 15 ಲಕ್ಷ ಎಷ್ಟು ದಿನ ಬರುತ್ತದೆ ಎಂದು ಕೇಳಿರಲಿಲ್ಲ.

ದೆಹಲಿಯಲ್ಲಿ ಈ ಪ್ರಶ್ನೆಗೆ ಕಾರಣವಿದೆ. ಚಾಣಕ್ಯಪುರಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್ 1973ರಿಂದ ಇರುವ ಹೆಸರಾಂತ ಸಂಸ್ಥೆ. ಫೆಬ್ರುವರಿ 2023ರಲ್ಲಿ ಅದರ ಎಫ್‌ಸಿಆರ್‌ಎ ನೋಂದಣಿ ಅಮಾನತಾಯಿತು, ಮರುವರ್ಷದ ಜನವರಿಯಲ್ಲಿ ರದ್ದಾಯಿತು. ವಿದೇಶಿ ದೇಣಿಗೆ ನಿಂತ ಮೇಲೆ ಅಲ್ಲಿನ ಬಹುಪಾಲು ಸಿಬ್ಬಂದಿ ಹೊರಬೀಳಬೇಕಾಯಿತು. ಸಂಸ್ಥೆಯ ಹೆಸರು ಸಂಬಳಕ್ಕೆ ಜಾಮೀನಲ್ಲ.

ಇಂಥ ಸಂಸ್ಥೆಗಳು ಕಷ್ಟಕಾಲಕ್ಕೆ ಕೂಡಿಡುವುದೂ ಸುಲಭವಲ್ಲ. ಆದಾಯ ತೆರಿಗೆ ವಿನಾಯಿತಿ ಉಳಿಯಬೇಕಾದರೆ ಸಾಮಾನ್ಯವಾಗಿ ವರ್ಷದ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. ಹಾಗಾಗಿ ಕಾರ್ಪಸ್ ನಿಧಿ ಇದೆಯೇ, ಅದರಿಂದ ಎಷ್ಟು ತಿಂಗಳ ಖರ್ಚು ನಡೆಯುತ್ತದೆ ಎಂದು ಮೊದಲು ನೋಡಬೇಕು. ವಿದೇಶಿ ದೇಣಿಗೆ ಪಡೆಯುವವರು ವರ್ಷದ ಲೆಕ್ಕವನ್ನು ತಮ್ಮ ಅಥವಾ ಸರ್ಕಾರ ಸೂಚಿಸಿದ ವೆಬ್‌ಸೈಟಿನಲ್ಲಿ ಹಾಕಲೇಬೇಕು. ನನ್ನ ಗೆಳೆಯ ಅದನ್ನು ತೆರೆದು ನೋಡಿದ. ವಾರ್ಷಿಕ ಖರ್ಚು 6 ಕೋಟಿ, ಅದರಲ್ಲಿ 4 ಕೋಟಿ ಒಬ್ಬನೇ ವಿದೇಶಿ ದಾನಿಯದು. ಕೇಳಿದಾಗ ತಿಳಿಯಿತು, ಮೂರು ವರ್ಷದ ಆ ಅನುದಾನದಲ್ಲಿ ಉಳಿದಿರುವುದು 16 ತಿಂಗಳು ಮಾತ್ರ.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯ: ಈ ಹುದ್ದೆ ಯಾವ ತಲೆಬರಹದಡಿ ಬರುತ್ತದೆ? 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಶೇ 20 ಮಾತ್ರ ಬಳಸಬಹುದು, ಮೊದಲು ಶೇ 50 ಇತ್ತು. ಕಂಪನಿಗಳ ಸಿಎಸ್ಆರ್ ಹಣದ ಮೇಲೂ ಅವಲಂಬಿಸಲಾಗದು, ನಡೆಯುತ್ತಿರುವ ಯೋಜನೆ ಎಂದು ಮಾಡಿದರೂ ಅದು ಆರಂಭದ ವರ್ಷ ಬಿಟ್ಟು ಮೂರು ವರ್ಷ ಮೀರುವಂತಿಲ್ಲ. ಆಸ್ಪತ್ರೆಯ ವೈದ್ಯರ ಸಂಬಳ ಕಾರ್ಯಕ್ರಮದ ಖರ್ಚು, ಕಚೇರಿಯಲ್ಲಿ ಕುಳಿತ ಎಂಜಿನಿಯರನದು ಹೆಚ್ಚಾಗಿ ಆಡಳಿತ ವೆಚ್ಚ. ಮಿತಿ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಅಲ್ಲಿಗೇ. ಸಂಬಳ ಏರದಿರುವುದಕ್ಕೂ ಇದೇ ಕಾರಣ.

ಮೂರನೆಯದು ಹುದ್ದೆಯ ವ್ಯಾಪ್ತಿ. 'ಮುಖ್ಯಸ್ಥ' ಎಂದರೂ ಅವನ ಕೈಕೆಳಗೆ ಯಾರೂ ಇರಲಿಲ್ಲ. ಸರ್ವರ್, ದಾನಿಗೆ ಕಳಿಸುವ ವರದಿ, ಪ್ರಿಂಟರ್ ಎಲ್ಲವೂ ಅವನದೇ. ಮುಂದೆ ಏರಲು ಇದ್ದ ಮೆಟ್ಟಿಲು ಒಂದೇ, ನಿರ್ದೇಶಕರ ಕುರ್ಚಿ.

ಗೆಳೆಯ ಕೆಲಸ ಬೇಡವೆನ್ನಲಿಲ್ಲ. ಸಂಬಳವನ್ನು ಎರಡು ಅನುದಾನಗಳಿಗೆ ಹಂಚಿ, ಕ್ಷೇತ್ರದ ಮಾಹಿತಿ ವ್ಯವಸ್ಥೆ ಕಟ್ಟುವುದನ್ನೇ ಮುಖ್ಯ ಹೊಣೆಯೆಂದು ಬರೆಸಿ, ಮೂರು ತಿಂಗಳ ನೋಟಿಸ್ ಕೇಳಿದ. ಅವರು ಒಪ್ಪಿದರು. ನೋಯ್ಡಾ ಫ್ಲ್ಯಾಟಿನ ಕಂತಿಗೆ ಎಂಟು ತಿಂಗಳ ಹಣ ಬೇರೆಯೇ ಇಟ್ಟು ಸೇರಿಕೊಂಡ. ಅವನ ಪಾಲಿಗೆ ಅದು ಕಾಯಂ ಕೆಲಸವಲ್ಲ, 16 ತಿಂಗಳ ಕೆಲಸ. ಅಷ್ಟಕ್ಕೇ ಲೆಕ್ಕ ಹಾಕಿದ್ದಾನೆ.